ಔಷಧದ ಪ್ರಮಾಣವನ್ನು ಯಾವ ಅಂಕಿಯಲ್ಲಿ ಬರೆಯಬೇಕು: ೧-೦-೧ ಎಂದೋ, 1-0-1 ಎಂದೋ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಕೆಲವರು ಸೇರಿ ನಡೆಸುತ್ತಿರುವ ಉಚಿತ ಚಿಕಿತ್ಸಾಲಯಕ್ಕೆ ಮಾತ್ರೆ ಹಾಕಿಕೊಡುವ ಕಾಗದದ ಕವರುಗಳನ್ನು ಹೊಸದಾಗಿ ಮುದ್ರಿಸಬೇಕಾಗಿದೆ. ಕವರಿನ ಮೇಲೆ ಔಷಧದ ಹೆಸರು, ಅದರ ಶಕ್ತಿ, ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ದಿನ ಎಂಬುದಕ್ಕೆ ಜಾಗ ಬಿಡುತ್ತೇವೆ. ಪದಗಳೆಲ್ಲ ಕನ್ನಡದಲ್ಲೇ ಇರಬೇಕೆಂಬುದರಲ್ಲಿ ನಮ್ಮ ಸಮಿತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂಕಿಗಳ ವಿಷಯಕ್ಕೆ ಬಂದಾಗ ಮಾತ್ರ ಎರಡು ಪಂಗಡಗಳಾಗಿವೆ. ಕನ್ನಡದ ಕವರಿನಲ್ಲಿ ಕನ್ನಡದ ಅಂಕಿಯೇ ಇರಬೇಕು ಎಂದು ಕೆಲವರು, ಔಷಧದ ವಿಷಯದಲ್ಲಿ 1, 2, 3 ಎಂದೇ ಇರಲಿ ಎಂದು ಉಳಿದವರು ಹೇಳುತ್ತಿದ್ದಾರೆ.

ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವು 2024ರಲ್ಲಿ ಆರೋಗ್ಯ ಸಚಿವರನ್ನು ಒತ್ತಾಯಿಸಿದಾಗಲೂ ಚರ್ಚೆಯೆಲ್ಲ ಔಷಧದ ಹೆಸರನ್ನು ಕುರಿತೇ ನಡೆಯಿತು, ಅಂಕಿಯನ್ನು ಕುರಿತು ಯಾರೂ ಹೆಚ್ಚು ಮಾತನಾಡಲಿಲ್ಲ. ಔಷಧ ಅಂಗಡಿ, ಆಸ್ಪತ್ರೆ ಅಥವಾ ಮುದ್ರಣದ ಕೆಲಸದಲ್ಲಿರುವವರು ಈ ಬಗ್ಗೆ ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ಯಾವ ಅಂಕಿಯನ್ನು ತಪ್ಪಾಗಿ ಓದುವ ಸಾಧ್ಯತೆ ಹೆಚ್ಚು, ಮತ್ತು ಹಾಗೆ ಓದಿದರೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿವೃತ್ತ ಮೇಷ್ಟ್ರು (ಸಾಗರ)

ಕನ್ನಡದ ಅಂಕಿಗಳು ನಮ್ಮ ಶಾಸನಗಳಲ್ಲಿ, ಕಡತಗಳಲ್ಲಿ, ಪಂಚಾಂಗಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವಂಥವು. ಲೆಕ್ಕ ಬರೆದ ಶ್ಯಾನುಭೋಗರು ಅವುಗಳಿಂದಲೇ ಕಂದಾಯ ವಸೂಲು ಮಾಡಿದ್ದಾರೆ, ಯಾರೂ ೬ನ್ನು ೯ ಎಂದು ಓದಿ ದಿವಾಳಿಯಾಗಲಿಲ್ಲ. ತಪ್ಪು ಓದುವುದು ಅಂಕಿಯ ದೋಷವಲ್ಲ, ಬರೆಯುವ ಕೈಯ ದೋಷ. ಅವಸರದಲ್ಲಿ ಬರೆದರೆ ಇಂಗ್ಲಿಷಿನ 1 ಕೂಡ 7ರಂತೆ ಕಾಣುತ್ತದೆ, 4 ಕೂಡ 9ರಂತೆ ಕಾಣುತ್ತದೆ. ನೀವು ಕವರುಗಳನ್ನು ಮುದ್ರಿಸಿಯೇ ಕೊಡುವುದಾದರೆ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಚ್ಚಿನಲ್ಲಿ ಎಲ್ಲ ಅಂಕಿಗಳೂ ಸ್ಪಷ್ಟವಾಗಿರುತ್ತವೆ. ದಯವಿಟ್ಟು ಕನ್ನಡದ ಅಂಕಿಗಳನ್ನೇ ಹಾಕಿಸಿ.

ಔಷಧಶಾಲೆ (ದಾವಣಗೆರೆ)

ಮೇಷ್ಟ್ರೇ, 1 ಮತ್ತು 7ರ ಬಗ್ಗೆ ನೀವು ಹೇಳಿದ್ದು ನಿಜ. ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಯಾರನ್ನು ಕೇಳಿದರೂ ಇದನ್ನು ಒಪ್ಪುತ್ತಾರೆ. ಆದರೆ ಕವರನ್ನು ಅಚ್ಚು ಹಾಕಿಸಿದರೂ ಅಂಕಿಗಳು ಅಚ್ಚಾಗಿರುವುದಿಲ್ಲ. ಅಚ್ಚಾಗುವುದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಪದಗಳು ಮಾತ್ರ. ಅಂಕಿಯನ್ನು ಔಷಧ ಕೊಡುವವರು ಪ್ರತಿ ರೋಗಿಗೂ ಪೆನ್ನಿನಲ್ಲಿ ತುಂಬುತ್ತಾರೆ, ಅದೂ ಎದುರಿಗೆ ಜನ ಸಾಲುಗಟ್ಟಿ ನಿಂತಿರುವಾಗ.

ಈಗ ನಮ್ಮ ದೇಶದ ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬರಹವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದನ್ನು ವೈದ್ಯರು 1-0-1 ಎಂದು ಬರೆಯುತ್ತಾರೆ. ಇದು ಚೆನ್ನಾಗಿ ನಡೆದುಕೊಂಡು ಬಂದಿರುವುದಕ್ಕೆ ಒಂದು ಕಾರಣವಿದೆ. ಆ ಅಂಕಿಗಳಲ್ಲಿ ಒಂದು ನೆಟ್ಟಗಿನ ಗೆರೆ, ಸೊನ್ನೆ ದುಂಡು, ಹಾಗಾಗಿ ಎಷ್ಟೇ ಕೆಟ್ಟ ಕೈಬರಹದಲ್ಲೂ ಗೆರೆಯನ್ನು ದುಂಡೆಂದು ಯಾರೂ ಓದುವುದಿಲ್ಲ. ಅದನ್ನೇ ಕನ್ನಡದಲ್ಲಿ ಬರೆದರೆ ೧-೦-೧ ಆಗುತ್ತದೆ. ನಮ್ಮ ಒಂದು ಕೂಡ ಹೆಚ್ಚುಕಡಿಮೆ ದುಂಡೇ, ಸೊನ್ನೆಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಕೆಳಗಡೆ ಬಿಟ್ಟಿರುವ ಒಂದು ಸಣ್ಣ ಬಾಯಿ. ಪೆನ್ನಿನ ಶಾಯಿ ಸ್ವಲ್ಪ ಹರಡಿದರೆ, ಒದ್ದೆ ಕೈಯಲ್ಲಿ ಕವರನ್ನು ಮುಟ್ಟಿದರೆ, ಅಥವಾ ಬರೆಯುವವರು ಗೆರೆಯನ್ನು ಒಂದಿಷ್ಟು ಮುಂದಕ್ಕೆ ಎಳೆದರೆ ಆ ಬಾಯಿ ಮುಚ್ಚಿಹೋಗುತ್ತದೆ. ಆಗ ೧-೦-೧ ಎಂಬುದು ೧-೦-೦ ಆಗಬಹುದು, ೦-೦-೧ ಆಗಬಹುದು, ಸೊನ್ನೆಯನ್ನು ಅರೆಬರೆ ಬರೆದಿದ್ದರೆ ೧-೧-೧ ಕೂಡ ಆಗಬಹುದು.

ರಕ್ತದೊತ್ತಡದ ಮಾತ್ರೆಯೊಂದು ದಿನಕ್ಕೆ ಎರಡು ಬಾರಿಯ ಬದಲು ಒಂದೇ ಬಾರಿ ಹೊಟ್ಟೆಗೆ ಹೋದರೆ ಆ ದಿನವೇ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಒತ್ತಡ ಇಳಿಯದಿದ್ದಾಗ ವೈದ್ಯರು ಮಾತ್ರೆ ಸಾಲುತ್ತಿಲ್ಲವೆಂದು ತಿಳಿದು ಶಕ್ತಿಯನ್ನು ಹೆಚ್ಚಿಸುತ್ತಾರೆ, ಮೂಲ ತಪ್ಪು ಹಾಗೆಯೇ ಉಳಿಯುತ್ತದೆ. ಇಂಥದ್ದನ್ನು ಪತ್ತೆ ಹಚ್ಚಲು ಒಂದೇ ದಾರಿಯೆಂದರೆ ಉಳಿದ ಮಾತ್ರೆಗಳನ್ನು ಎಣಿಸುವುದು. ಮೂವತ್ತು ದಿನಕ್ಕೆ ಅರವತ್ತು ಮಾತ್ರೆ ಕೊಟ್ಟಿದ್ದು, ತಿಂಗಳ ಕೊನೆಗೆ ಮೂವತ್ತು ಉಳಿದಿದ್ದರೆ ಕವರನ್ನು ಒಮ್ಮೆ ತರಿಸಿ ನೋಡಬೇಕು.

ಗ್ರಾಹಕ ಹಕ್ಕು (ಮಂಡ್ಯ)

ಈ ವಿಷಯವನ್ನು ಎತ್ತಿದ್ದಕ್ಕೆ ಧನ್ಯವಾದಗಳು. ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನಾಂಕ ಮತ್ತು ಗರಿಷ್ಠ ಮಾರಾಟ ಬೆಲೆ ಎಷ್ಟು ಸಣ್ಣದಾಗಿರುತ್ತವೆ ಎಂದರೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಪಟ್ಟಿಯನ್ನು ಅರ್ಧ ಕತ್ತರಿಸಿ ಕೊಟ್ಟರೆ ದಿನಾಂಕವಿರುವ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಕಂಪನಿಗಳು ಇವನ್ನು ಕನ್ನಡದ ಅಂಕಿಗಳಲ್ಲಿ ದೊಡ್ಡದಾಗಿ ಮುದ್ರಿಸಬೇಕೆಂದು ನಾವೆಲ್ಲರೂ ಒತ್ತಾಯಿಸಬೇಕು.

ತುಂಗಾತೀರ (ತೀರ್ಥಹಳ್ಳಿ)

ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಕಂಪನಿಯ ಪಟ್ಟಿಯ ಬಗ್ಗೆ ಅಲ್ಲ, ರೋಗಿಯ ಕೈಗೆ ಕೊಡುವಾಗ ನಾವು ಬರೆಯುವ ಪ್ರಮಾಣದ ಬಗ್ಗೆ. ಬೆಲೆಯ ವಿಚಾರವನ್ನು ಬೇರೆ ಎಳೆಯಲ್ಲಿ ಚರ್ಚಿಸೋಣ.

ಮಲಪ್ರಭೆ (ಧಾರವಾಡ)

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮ ಮಾವನವರು ಹಳೆಯ ಕನ್ನಡ ಶಾಲೆಯಲ್ಲಿ ಓದಿದವರು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಚೀಟಿಯಲ್ಲಿ ಬೆಳಿಗ್ಗೆ 14, ರಾತ್ರಿ 6 ಎಂದಿತ್ತು. ಅದನ್ನು ಅವರು ತಮ್ಮ ದಿನಚರಿಯಲ್ಲಿ ಕನ್ನಡದ ಅಂಕಿಗಳಲ್ಲಿ ನಕಲು ಮಾಡಿಟ್ಟುಕೊಂಡಿದ್ದರು. ಅವರ ಬರಹ ಅವರಿಗೆ ಸ್ಪಷ್ಟವಾಗಿಯೇ ಇತ್ತು. ನಾವು ಊರಿಗೆ ಹೋಗಿದ್ದಾಗ ಅವರನ್ನು ನೋಡಿಕೊಳ್ಳಲು ಬಂದಿದ್ದ ಹುಡುಗಿ ಆ ದಿನಚರಿ ನೋಡಿ ರಾತ್ರಿಯ ೬ನ್ನು ೯ ಎಂದು ಓದಿ ಒಂಬತ್ತು ಯೂನಿಟ್ ಏರಿಸಿದಳು. ಅವಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಕನ್ನಡ ಅಂಕಿಗಳನ್ನು ಚಿಕ್ಕ ತರಗತಿಯಲ್ಲಿ ಕಲಿತು ಆಮೇಲೆ ಎಲ್ಲೂ ಬಳಸಿರಲಿಲ್ಲ.

ನಡುರಾತ್ರಿ ಮಾವನವರು ಬೆವರಿನಿಂದ ತೊಯ್ದು, ತಡವರಿಸುತ್ತ ಮಾತನಾಡಲು ತೊಡಗಿದರು. ಪುಣ್ಯಕ್ಕೆ ಹುಡುಗಿ ಮೀಟರಿನಲ್ಲಿ ನೋಡಿದಳು, 52 ಇತ್ತು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟಕ್ಕೆ ಕೊಟ್ಟು ಸರಿಪಡಿಸಿದಳು. ಅವಳನ್ನು ನಾವು ಯಾರೂ ಬೈಯಲಿಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಸಿರಿಂಜಿನ ಮೇಲೆ 6 ಎಂಬ ಗೆರೆ ಇದೆ, ೬ ಎಂಬ ಗೆರೆ ಇಲ್ಲ. ಹಾಗಿರುವಾಗ ದಿನಚರಿಯಲ್ಲಿ ೬ ಎಂದು ಬರೆದು ಏನು ಪ್ರಯೋಜನ?

ಔಷಧಶಾಲೆ (ದಾವಣಗೆರೆ)

ಅಕ್ಕಾ, ನೀವು ಕೊನೆಯಲ್ಲಿ ಕೇಳಿದ ಮಾತೇ ಈ ಇಡೀ ಚರ್ಚೆಯ ತಿರುಳು ಎಂದು ನನಗೆ ಅನಿಸುತ್ತದೆ. ೬ ಮತ್ತು ೯ ಒಂದೇ ರೀತಿಯಲ್ಲಿ ಶುರುವಾಗಿ ಕೊನೆಯ ಸುರುಳಿಯಲ್ಲಿ ಮಾತ್ರ ಬೇರೆಯಾಗುತ್ತವೆ, ಕೈಬರಹದಲ್ಲಿ ಮೊದಲು ಕೆಡುವುದು ಆ ಸುರುಳಿಯೇ. ೪ಕ್ಕೆ ಒಂದು ಮಡಿಕೆ ಹೆಚ್ಚಾದರೆ ೫ ಆಗುತ್ತದೆ. ಇವು ದಿನವೂ ಓದುವವರ ಕಣ್ಣಿಗೆ ತೊಂದರೆ ಕೊಡುವುದಿಲ್ಲ. ಆದರೆ ಇವತ್ತು ದಿನವೂ ಓದುವವರು ಎಷ್ಟು ಮಂದಿ? ನೋಟು, ಮೊಬೈಲು, ತಕ್ಕಡಿ, ಗ್ಯಾಸ್ ಪುಸ್ತಕ, ಎಲ್ಲ ಕಡೆ 1, 2, 3 ಇರುವುದರಿಂದ ಓದು ಬರಹ ಬಾರದ ಅಜ್ಜಿಯೂ ಅವನ್ನು ಗುರುತಿಸುತ್ತಾಳೆ.

ಇನ್ಸುಲಿನ್ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಯೂನಿಟ್ ಎಂಬುದನ್ನು ಇಂಗ್ಲಿಷಿನ ಯು ಅಕ್ಷರದಿಂದ ಚುಟುಕಾಗಿ ಬರೆದರೆ ಅದು ಸೊನ್ನೆಯಂತೆ ಕಂಡು ನಾಲ್ಕು ಯೂನಿಟ್ ನಲವತ್ತಾಗುವ ಅಪಾಯವಿದೆ, ಇದು ಜಗತ್ತಿನಾದ್ಯಂತ ಗೊತ್ತಿರುವ ತಪ್ಪು. ಕನ್ನಡದಲ್ಲಿ ‘ಯೂನಿಟ್’ ಎಂದು ಪೂರ್ತಿಯಾಗಿ ಬರೆದರೆ ಆ ಅಪಾಯ ತಾನಾಗಿಯೇ ಹೋಗುತ್ತದೆ. ಅಂದರೆ ಪದ ಕನ್ನಡದಲ್ಲಿದ್ದರೆ ಲಾಭ, ಅಂಕಿ ಸಿರಿಂಜಿನ ಮೇಲಿರುವಂತೆಯೇ ಇದ್ದರೆ ಲಾಭ. ಜೊತೆಗೆ ನಮ್ಮಲ್ಲಿ ಮಿಲಿ ಲೀಟರಿಗೆ 40 ಯೂನಿಟ್ ಇರುವ ಬಾಟಲಿ ಮತ್ತು 100 ಯೂನಿಟ್ ಇರುವ ಪೆನ್ನಿನ ಕೊಳವೆ ಎರಡೂ ಮಾರಾಟದಲ್ಲಿವೆ. ಬಾಟಲಿಯ ಮೇಲೆ 40 ಎಂದಿದ್ದರೆ ಸಿರಿಂಜಿನ ಮೇಲೂ 40 ಎಂದೇ ಇದೆಯೇ ಎಂದು ಹೋಲಿಸಿ ನೋಡಬೇಕಾಗುತ್ತದೆ. ಎರಡೂ ಒಂದೇ ಅಂಕಿಯಲ್ಲಿದ್ದರೆ ಆ ಹೋಲಿಕೆಯನ್ನು ಕಣ್ಣೇ ಮಾಡಿಬಿಡುತ್ತದೆ, ನಡುವೆ ಅನುವಾದ ಬೇಕಾದರೆ ತಲೆ ಮಾಡಬೇಕಾಗುತ್ತದೆ.

ಮಕ್ಕಳ ವೈದ್ಯೆ (ಹಾಸನ)

ಇದೇ ಮಾತು ಮಕ್ಕಳ ಸಿರಪ್ಪಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ. ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಹತ್ತು ಕಿಲೋ ತೂಕದ ಮಗುವಿಗೆ ಜ್ವರವಿದೆ, ಪ್ಯಾರಾಸಿಟಮಾಲ್ ಕೊಡಬೇಕು ಎಂದಿಟ್ಟುಕೊಳ್ಳಿ. ಕಿಲೋಗೆ 15 ಮಿಲಿಗ್ರಾಂ ಎಂದು ಹಿಡಿದರೆ ಒಂದು ಬಾರಿಗೆ 150 ಮಿಲಿಗ್ರಾಂ ಬೇಕು. 5 ಮಿಲಿ ಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಬಾಟಲಿಯಾದರೆ ಪ್ರತಿ ಮಿಲಿ ಲೀಟರಿಗೆ 50 ಮಿಲಿಗ್ರಾಂ, ಹಾಗಾಗಿ ಕೊಡಬೇಕಾದದ್ದು 3 ಮಿಲಿ ಲೀಟರ್.

ಅದನ್ನು ಯಾರೋ ೩ ಎಂದು ಬರೆದರು, ತಾಯಿ ಅದನ್ನು ೭ ಎಂದು ಓದಿದರು ಎಂದುಕೊಳ್ಳೋಣ. ಏಳು ಮಿಲಿ ಲೀಟರಿನಲ್ಲಿ 350 ಮಿಲಿಗ್ರಾಂ ಇರುತ್ತದೆ, ಅಂದರೆ ಕಿಲೋಗೆ 35 ಮಿಲಿಗ್ರಾಂ. ದಿನಕ್ಕೆ ನಾಲ್ಕು ಬಾರಿ ಕೊಟ್ಟರೆ ಕಿಲೋಗೆ 140 ಮಿಲಿಗ್ರಾಂ ಆಗುತ್ತದೆ. ದಿನವೊಂದಕ್ಕೆ ಕಿಲೋಗೆ 60ರಿಂದ 75 ಮಿಲಿಗ್ರಾಂ ಮೀರಬಾರದು ಎಂಬುದು ನಾವು ಪಾಲಿಸುವ ಮಿತಿ, ಇದು ಅದರ ಇಮ್ಮಡಿಗೆ ಹತ್ತಿರ. ಎರಡು ಮೂರು ದಿನ ಹೀಗೇ ಮುಂದುವರಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಮೊದಲಿಗೆ ಕಾಣುವುದು ವಾಂತಿ ಮತ್ತು ಮಂಕು ಮಾತ್ರ, ಅದನ್ನು ತಾಯಿ ಜ್ವರದ್ದೇ ಎಂದುಕೊಳ್ಳುತ್ತಾಳೆ.

ಜೊತೆಗೆ ಅದೇ ಔಷಧ 5 ಮಿಲಿ ಲೀಟರಿಗೆ 120 ಮಿಲಿಗ್ರಾಂ ಇರುವ ಬಾಟಲಿಯಲ್ಲೂ ಬರುತ್ತದೆ, ಅದರಲ್ಲಿ ಇದೇ ಮಗುವಿಗೆ 6 ಮಿಲಿ ಲೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಏಳು ಎಂಬುದು ನೋಡಿದ ಕೂಡಲೇ ಅಸಂಬದ್ಧ ಎನಿಸುವ ಸಂಖ್ಯೆಯಲ್ಲ. ಎಪ್ಪತ್ತು ಎಂದಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು.

ನಾನು ಮಾಡುವುದಿಷ್ಟು. ಬಾಟಲಿಯ ಮೇಲೆ ಇರುವಂತೆಯೇ ‘250 ಮಿಲಿಗ್ರಾಂ / 5 ಮಿಲಿ ಲೀಟರ್’ ಎಂದು ಬರೆಯುತ್ತೇನೆ. ಅದರ ಕೆಳಗೆ ‘3 ಮಿಲಿ ಲೀಟರ್ (ಮೂರು)’ ಎಂದು ಅಂಕಿ ಮತ್ತು ಪದ ಎರಡನ್ನೂ ಬರೆಯುತ್ತೇನೆ. ಆಮೇಲೆ ಸೂಜಿಯಿಲ್ಲದ ಅಳತೆಯ ಸಿರಿಂಜನ್ನು ತಾಯಿಯ ಕೈಗೆ ಕೊಟ್ಟು, ಎಲ್ಲಿಯವರೆಗೆ ಎಳೆಯುತ್ತೀರಿ ತೋರಿಸಿ ಎನ್ನುತ್ತೇನೆ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಎಳೆದು ತೋರಿಸಿ ಎಂದಾಗಲೇ ಗೊತ್ತಾಗುವುದು.

ನಿವೃತ್ತ ಮೇಷ್ಟ್ರು (ಸಾಗರ)

ಡಾಕ್ಟರಮ್ಮ, ನಿಮ್ಮ ಲೆಕ್ಕವನ್ನು ಎರಡು ಸಲ ಓದಿದೆ. ಸಿರಿಂಜಿನ ಮೇಲಿರುವ ಅಂಕಿಯ ವಾದವನ್ನು ನಾನು ಒಪ್ಪುತ್ತೇನೆ. ಆದರೂ ೩ನ್ನು ೭ ಎಂದು ನಿಜವಾಗಿ ಯಾರಾದರೂ ಓದುತ್ತಾರೆಯೇ? ಇದು ಕಲ್ಪಿಸಿಕೊಂಡ ಉದಾಹರಣೆಯಲ್ಲವೇ?

ಅಚ್ಚುಮೊಳೆ (ಬೆಂಗಳೂರು)

ಮೇಷ್ಟ್ರೇ, ಅದು ಕಲ್ಪನೆಯಲ್ಲ. ಕೈಬರಹದ ಕನ್ನಡ ಅಂಕಿಗಳನ್ನು ಗಣಕಯಂತ್ರಕ್ಕೆ ಕಲಿಸಲೆಂದು 2019ರಲ್ಲಿ ‘ಕನ್ನಡ-ಎಂನಿಸ್ಟ್’ ಎಂಬ ದತ್ತಾಂಶ ಸಂಗ್ರಹ ಹೊರಬಂತು, ಅದರಲ್ಲಿ ಜನರು ಕೈಯಲ್ಲಿ ಬರೆದ ಅಂಕಿಗಳ 70,000 ಚಿತ್ರಗಳಿವೆ. ಅದರ ಮೇಲೆ ಕೆಲಸ ಮಾಡಿದವರು ಮತ್ತೆ ಮತ್ತೆ ಎಡವಿದ್ದು ೦ ಮತ್ತು ೧, ೩ ಮತ್ತು ೭, ೬ ಮತ್ತು ೯ ಎಂಬ ಮೂರು ಜೋಡಿಗಳಲ್ಲಿ. ಯಂತ್ರ ಎಡವಿದಲ್ಲೇ ಮನುಷ್ಯನೂ ಎಡವುತ್ತಾನೆ ಎಂದು ನಾನು ಹೇಳುವುದಿಲ್ಲ, ಆದರೆ ಇಲ್ಲಿ ಔಷಧಶಾಲೆಯವರು, ಧಾರವಾಡದ ಅಕ್ಕ ಮತ್ತು ವೈದ್ಯೆ ಬೇರೆ ಬೇರೆ ದಾರಿಯಿಂದ ಬಂದು ಅದೇ ಮೂರು ಜೋಡಿಗಳನ್ನು ಹೆಸರಿಸಿರುವುದನ್ನು ಗಮನಿಸಿ.

ನಾನು ಔಷಧ ಅಂಗಡಿಗಳಿಗೆ ಲೇಬಲ್ ಮುದ್ರಿಸುವ ತಂತ್ರಾಂಶದ ಕೆಲಸ ಮಾಡುತ್ತೇನೆ. ಅಚ್ಚಿನಲ್ಲಿ ಎಲ್ಲವೂ ಸ್ಪಷ್ಟ ಎಂಬ ನಿಮ್ಮ ಮೊದಲ ಮಾತಿಗೆ ಎರಡು ತಿದ್ದುಪಡಿಗಳಿವೆ. ಅಂಗಡಿಗಳಲ್ಲಿರುವ ಶಾಖದ ಮುದ್ರಕಗಳಲ್ಲಿ ಹೆಚ್ಚಿನವು ಅಂಗುಲಕ್ಕೆ 203 ಚುಕ್ಕಿಗಳನ್ನಷ್ಟೇ ಹಾಕುತ್ತವೆ. ಸಣ್ಣ ಲೇಬಲಿನಲ್ಲಿ ಅಕ್ಷರದ ಅಳತೆಯನ್ನು ಇಳಿಸಿ, ಮುದ್ರಕದ ಶಾಖವನ್ನು ಹೆಚ್ಚಿಗೆ ಇಟ್ಟರೆ ೧ರ ಬಾಯಿ ಅಚ್ಚಿನಲ್ಲೂ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ತೊಂದರೆ. ಕನ್ನಡದ ಸೊನ್ನೆಯೂ ಇಂಗ್ಲಿಷಿನ ಸೊನ್ನೆಯೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಚಿಹ್ನೆಗಳು. ಬೆರಳಚ್ಚು ಮಾಡುವವರು 2 ಒತ್ತಿದ ಮೇಲೆ ಕೀಲಿಮಣೆ ಕನ್ನಡಕ್ಕೆ ಹೊರಳಿತು, ಸೊನ್ನೆ ಕನ್ನಡದ್ದು ಬಿತ್ತು ಎಂದುಕೊಳ್ಳಿ. ಜಾಲತಾಣದ ತಂತ್ರಾಂಶಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಅದನ್ನು ಹೀಗೆ ಓದುತ್ತದೆ:

```
parseInt("20")   // 20
parseInt("2೦")   // 2
Number("೨೦")     // NaN
```

ಮೊದಲ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನೋಟಕ್ಕೆ ಎರಡೂ ಇಪ್ಪತ್ತು, ಎರಡನೆಯದರಲ್ಲಿ ಯಂತ್ರ ಕನ್ನಡದ ಸೊನ್ನೆಯ ಹತ್ತಿರ ನಿಂತುಬಿಟ್ಟು ಎರಡು ಎಂದು ತೆಗೆದುಕೊಂಡಿದೆ. ಪ್ರಮಾಣ ಹತ್ತರಲ್ಲಿ ಒಂದಾಯಿತು, ಯಾವ ಎಚ್ಚರಿಕೆಯೂ ಬರಲಿಲ್ಲ. ಮೂರನೆಯ ಸಾಲಿನಲ್ಲಿ ಅದು ಸಂಖ್ಯೆಯೇ ಅಲ್ಲ ಎಂದು ನಿರಾಕರಿಸುತ್ತದೆ, ಅದು ಎಷ್ಟೋ ಮೇಲು. ಇದೇ `"2೦"` ಎಂಬುದನ್ನು ಪೈಥಾನಿನ `int` ಇಪ್ಪತ್ತು ಎಂದೇ ಓದುತ್ತದೆ. ಒಂದೇ ದಾಖಲೆಗೆ ಎರಡು ತಂತ್ರಾಂಶಗಳು ಎರಡು ಉತ್ತರ ಕೊಡುತ್ತವೆ. ಪೂರ್ತಿ ಕನ್ನಡ ಅಂಕಿ ಇರುವುದಕ್ಕಿಂತ ಎರಡೂ ಬೆರೆತಿರುವುದೇ ಅಪಾಯ ಎಂಬುದು ನನ್ನ ಅನುಭವ. ನಾವು ಈಗ ಪ್ರಮಾಣದ ಜಾಗದಲ್ಲಿ 0ಯಿಂದ 9ರವರೆಗಿನ ಅಂಕಿ ಮತ್ತು ದಶಮಾಂಶದ ಚುಕ್ಕಿ ಬಿಟ್ಟು ಬೇರೆ ಏನು ಬಿದ್ದರೂ ಒಪ್ಪಿಕೊಳ್ಳದಂತೆ ಮಾಡಿದ್ದೇವೆ.

ಕಾನೂನು ಓದುಗ (ಮೈಸೂರು)

ಇಷ್ಟೆಲ್ಲ ಚರ್ಚೆಯ ಅಗತ್ಯವೇ ಇಲ್ಲ. ಸಂವಿಧಾನದ 343ನೇ ವಿಧಿಯ ಪ್ರಕಾರ ಭಾರತದಲ್ಲಿ ಅಂತರರಾಷ್ಟ್ರೀಯ ರೂಪದ ಅಂಕಿಗಳನ್ನೇ ಬಳಸಬೇಕು. ಕನ್ನಡದ ಅಂಕಿಯಲ್ಲಿ ಚೀಟಿ ಬರೆದರೆ ಅದು ಊರ್ಜಿತವಾಗುವುದಿಲ್ಲ.

ಔಷಧಶಾಲೆ (ದಾವಣಗೆರೆ)

ಆ ವಿಧಿ ಹೇಳುವುದು ಕೇಂದ್ರ ಸರ್ಕಾರದ ಅಧಿಕೃತ ಕೆಲಸಕ್ಕೆ ಬಳಸುವ ಅಂಕಿಗಳ ಬಗ್ಗೆ. ವೈದ್ಯರು ರೋಗಿಗೆ ಬರೆದುಕೊಡುವ ಚೀಟಿಗೆ ಅದು ಅನ್ವಯಿಸುವುದಿಲ್ಲ. ವೈದ್ಯರ ವೃತ್ತಿ ನಿಯಮಗಳಿಗೆ 2016ರಲ್ಲಿ ತಂದ ತಿದ್ದುಪಡಿಯಲ್ಲಿ ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು ಎಂದಿದೆ, ಅಂಕಿಯ ಲಿಪಿಯನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ಹೆದರಿಕೆಯ ಮೇಲೆ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಬೇಡ.

ದಾದಿ (ಬೆಳಗಾವಿ)

ಗಡಿಯ ಕಡೆಯವರ ತೊಂದರೆಯನ್ನೂ ಒಂದಿಷ್ಟು ಕೇಳಿ. ನಮ್ಮಲ್ಲಿಗೆ ಬರುವ ರೋಗಿಗಳು ಇವತ್ತು ಇಲ್ಲಿ ತೋರಿಸಿ, ನಾಳೆ ಕೊಲ್ಹಾಪುರದಲ್ಲೋ ಮೀರಜಿನಲ್ಲೋ ಮಾತ್ರೆ ಕೊಳ್ಳುತ್ತಾರೆ. ಮರಾಠಿಯವರು ಕೈಯಲ್ಲಿ ಬರೆಯುವ ದೇವನಾಗರಿಯ ಒಂದು ನಮ್ಮ ಕಣ್ಣಿಗೆ 9ರಂತೆ ಕಾಣುತ್ತದೆ. ದೇವನಾಗರಿಯ ನಾಲ್ಕು 8ನ್ನು ಹೋಲುತ್ತದೆ, ನಮ್ಮ ೪ ಕೂಡ ಹಾಗೆಯೇ. ಹೀಗಾಗಿ ವಾರ್ಡಿನ ಪಟ್ಟಿಯಲ್ಲಿ ಪ್ರಮಾಣವನ್ನು ಯಾರೂ ತಂತಮ್ಮ ಲಿಪಿಯ ಅಂಕಿಯಲ್ಲಿ ಬರೆಯಬಾರದು ಎಂಬ ಕಟ್ಟುಪಾಡನ್ನು ನಾವು ನಾವೇ ಮಾಡಿಕೊಂಡಿದ್ದೇವೆ. ಇದರಲ್ಲಿ ಕನ್ನಡ ಮರಾಠಿ ಎಂಬ ಹಟ ಏನೂ ಇಲ್ಲ, ರಾತ್ರಿ ಪಾಳಿಗೆ ಬರುವವರು ಬೆಳಗಿನ ಪಾಳಿಯವರ ಬರಹವನ್ನು ಕೇಳದೆಯೇ ಓದುವಂತಿರಬೇಕು, ಅಷ್ಟೇ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ತಪ್ಪು ಅರ್ಧ ಮಾತ್ರೆಯದು. ಅದನ್ನು 1/2 ಎಂದು ಬರೆದರೆ ಒಂದು ಅಥವಾ ಎರಡು ಎಂದು ಓದುವವರಿದ್ದಾರೆ. 0.5 ಎಂದು ಬರೆದರೆ ಚುಕ್ಕಿ ಮಾಸಿ ಐದಾಗುವ ಭಯ. ಅಲ್ಲಿ ನಾನು ಅಂಕಿಯನ್ನೇ ಬಿಟ್ಟು ‘ಅರ್ಧ ಮಾತ್ರೆ’ ಎಂದು ಬರೆಯುತ್ತೇನೆ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಎಂಬ ಪದಗಳು ಎಲ್ಲರ ಬಾಯಲ್ಲೂ ಇವೆ, ಅವನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಇಷ್ಟು ಹೊತ್ತಿಗೆ ನನಗೆ ಒಂದು ದಾರಿ ಕಾಣುತ್ತಿದೆ, ಸರಿಯೇ ಎಂದು ನೀವೇ ನೋಡಿ ಹೇಳಿ. ಪಟ್ಟಿಯ ಮೇಲೆ ಅಥವಾ ಅಳತೆಯ ಸಾಧನದ ಮೇಲೆ ಅಚ್ಚಾಗಿರುವ ಸಂಖ್ಯೆಯೊಂದಿಗೆ ಹೋಲಿಸಬೇಕಾದದ್ದನ್ನು, ಅಂದರೆ 500 ಮಿಲಿಗ್ರಾಂ, 3 ಮಿಲಿ ಲೀಟರ್, 6 ಯೂನಿಟ್ ಎಂಬುದನ್ನು, ಅಲ್ಲಿ ಇರುವ ಅಂಕಿಯಲ್ಲೇ ಬರೆಯುವುದು. ಎಷ್ಟು ಮಾತ್ರೆ ನುಂಗಬೇಕು ಎಂಬುದನ್ನು ಹೋಲಿಸಿ ನೋಡಲು ಯಾವ ಸಾಧನವೂ ಇಲ್ಲ, ಆದ್ದರಿಂದ ಅದನ್ನು ಅಂಕಿಯಲ್ಲಿ ಬರೆಯದೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಚೌಕಗಳಲ್ಲಿ ‘ಒಂದು’, ‘ಬೇಡ’, ‘ಅರ್ಧ’ ಎಂದು ಕನ್ನಡದ ಪದಗಳಲ್ಲಿ ಬರೆಯುವುದು. ಹೀಗೆ ಮಾಡಿದರೆ ೧-೦-೧ ಎಂಬ ತೊಡಕೇ ಇರುವುದಿಲ್ಲ.

ಔಷಧಶಾಲೆ (ದಾವಣಗೆರೆ)

ಸರಿಯಾಗಿದೆ. ‘ಬೇಡ’ ಎಂಬ ಪದವನ್ನು ಬರೆಯಲೇಬೇಕು, ಚೌಕವನ್ನು ಖಾಲಿ ಬಿಡಬಾರದು. ಖಾಲಿ ಚೌಕವನ್ನು ಕಂಡಾಗ ಬರೆಯಲು ಮರೆತಿದ್ದಾರೆಂದು ತಿಳಿದು ಮಾತ್ರೆ ನುಂಗಿದವರನ್ನು ನೋಡಿದ್ದೇನೆ. ಶಕ್ತಿಯನ್ನು ಬರೆಯುವಾಗ 5 ಎಂಬುದನ್ನು 5.0 ಎಂದು ಬರೆಯಬೇಡಿ, ಅದು ಐವತ್ತಾಗುತ್ತದೆ. ಅರ್ಧ ಮಿಲಿಗ್ರಾಂ ಇದ್ದರೆ .5 ಎಂದು ಬರೆಯದೆ, ಚುಕ್ಕಿಗೆ ಮೊದಲು ಸೊನ್ನೆ ಹಾಕಿ 0.5 ಎಂದೇ ಬರೆಯಿರಿ. ಈ ಎರಡು ಕಟ್ಟಳೆಗಳು ಯಾವ ಲಿಪಿಯ ಅಂಕಿಗಾದರೂ ಒಂದೇ.

ನಿವೃತ್ತ ಮೇಷ್ಟ್ರು (ಸಾಗರ)

ಪದಗಳಲ್ಲಿ ಬರೆಯುವ ಸಲಹೆ ನನಗೆ ಬಹಳ ಹಿಡಿಸಿತು, ಅಂಕಿಗಿಂತಲೂ ಹೆಚ್ಚು ಕನ್ನಡ ಅದರಲ್ಲಿದೆ. ಆದರೂ ನನ್ನ ಒಂದು ಆಕ್ಷೇಪ ಉಳಿದಿದೆ. ನನ್ನ ಓರಗೆಯವರಲ್ಲಿ ಕನ್ನಡ ಅಂಕಿಗಳಲ್ಲೇ ಓದಿ ಬರೆದು ರೂಢಿಯಾದವರು ಈಗಲೂ ಇದ್ದಾರೆ. ಅವರು ನೀವು ಕೊಟ್ಟ ಕವರನ್ನು ಓದಬಲ್ಲರು, ಆದರೆ ಮನೆಗೆ ಹೋಗಿ ತಮ್ಮ ಪುಸ್ತಕದಲ್ಲಿ ಕನ್ನಡ ಅಂಕಿಯಲ್ಲೇ ನಕಲು ಮಾಡಿಕೊಳ್ಳುತ್ತಾರೆ, ಧಾರವಾಡದ ಹಿರಿಯರು ಮಾಡಿದ ಹಾಗೆ. ಅವರ ಪುಸ್ತಕವನ್ನು ನಾಳೆ ಮೊಮ್ಮಗ ಓದುತ್ತಾನೆ. ಕವರನ್ನು ತಿದ್ದಿದರೆ ಆ ತಪ್ಪು ನಿಲ್ಲುವುದಿಲ್ಲವಲ್ಲ?

ಮಲಪ್ರಭೆ (ಧಾರವಾಡ)

ಮೇಷ್ಟ್ರು ಹೇಳುವುದು ನಿಜ. ನಾವು ಮಾವನವರ ದಿನಚರಿಯನ್ನು ನಿಲ್ಲಿಸಲು ಹೋಗಲಿಲ್ಲ, ಅದು ಅವರ ಅರವತ್ತು ವರ್ಷಗಳ ಅಭ್ಯಾಸ. ಇನ್ಸುಲಿನ್ ಇಡುವ ಡಬ್ಬಿಯ ಮುಚ್ಚಳದ ಮೇಲೆ ‘ಬೆಳಿಗ್ಗೆ 14 ಹದಿನಾಲ್ಕು, ರಾತ್ರಿ 6 ಆರು’ ಎಂದು ಬರೆದು ಅಂಟಿಸಿದ್ದೇವೆ. ಚುಚ್ಚುವವರು ಅದನ್ನು ಮಾತ್ರ ನೋಡಬೇಕು, ದಿನಚರಿಯನ್ನಲ್ಲ ಎಂದು ಹೇಳಿದ್ದೇವೆ. ಪ್ರಮಾಣ ಬದಲಾದ ದಿನ ಹಳೆಯ ಚೀಟಿಯನ್ನು ಕಿತ್ತುಹಾಕುವುದನ್ನು ಮರೆತರೆ ಇದೂ ಅಪಾಯವೇ ಎಂಬುದು ಗೊತ್ತಿದೆ.

ಮಕ್ಕಳ ವೈದ್ಯೆ (ಹಾಸನ)

ಪದಗಳ ವಿಷಯದಲ್ಲಿ ನನಗೂ ಒಂದು ಅನುಮಾನವಿದೆ. ಓದಲು ಬಾರದ ತಾಯಿ ‘3’ನ್ನು ಗುರುತಿಸುತ್ತಾಳೆ, ‘ಮೂರು’ ಎಂಬ ಪದವನ್ನು ಗುರುತಿಸುವುದಿಲ್ಲ. ಮಾತ್ರೆಯ ಚೌಕದಲ್ಲಿ ಬರೀ ಪದವಿದ್ದರೆ ಅವಳಿಗೆ ಏನೂ ಉಳಿಯುವುದಿಲ್ಲ. ಪದದ ಪಕ್ಕದಲ್ಲಿ ಮಾತ್ರೆಯ ಸಂಖ್ಯೆಯಷ್ಟು ದಪ್ಪ ಚುಕ್ಕಿ ಇಡುವುದೋ, 1 ಎಂದು ಬರೆಯುವುದೋ, ಯಾವುದು ಮೇಲು ಎಂದು ನನಗೆ ನಿರ್ಧರಿಸಲಾಗಿಲ್ಲ. ಅರ್ಧ ಮಾತ್ರೆಗೆ ಅರ್ಧ ಚುಕ್ಕಿ ಬರೆಯುವುದು ಸುಲಭವಲ್ಲ.

ತುಂಗಾತೀರ (ತೀರ್ಥಹಳ್ಳಿ)

ಹಾಗಾದರೆ ಒಂದೇ ಸಲಕ್ಕೆ ಸಾವಿರಗಟ್ಟಲೆ ಅಚ್ಚು ಹಾಕಿಸುವುದನ್ನು ನಿಲ್ಲಿಸುತ್ತೇನೆ. ಪದ ಮಾತ್ರ ಇರುವ ಕವರು ಮತ್ತು ಪದದ ಜೊತೆಗೆ 1, 2 ಎಂಬ ಅಂಕಿ ಇರುವ ಕವರು, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿಸುತ್ತೇವೆ. ಕವರು ಕೊಟ್ಟ ಮೇಲೆ ರೋಗಿಯೇ ಅದನ್ನು ನೋಡಿ ಮಾತ್ರೆಗಳನ್ನು ಮೇಜಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಮಾಡಿ ಇಟ್ಟು ತೋರಿಸಲಿ, ಎಲ್ಲಿ ತಪ್ಪಿತು ಎಂಬುದನ್ನು ನಾವು ಬರೆದಿಟ್ಟುಕೊಳ್ಳುತ್ತೇವೆ. ಓದು ಬಾರದವರನ್ನೂ ಮೇಷ್ಟ್ರ ಓರಗೆಯವರನ್ನೂ ಬಿಡದೆ ಸೇರಿಸಿಕೊಳ್ಳುತ್ತೇವೆ. ಔಷಧಶಾಲೆಯವರೇ, ನಿಮ್ಮ ಕಡೆ ಶಕ್ತಿಯನ್ನು ಕವರಿನಲ್ಲಿ ಮೇಲುಗಡೆ ಬರೆಯುತ್ತೀರೋ, ಮಾತ್ರೆಯ ಸಂಖ್ಯೆಯ ಪಕ್ಕದಲ್ಲೋ? 500 ಎಂಬುದೂ ‘ಒಂದು’ ಎಂಬುದೂ ಒಂದೇ ಸಾಲಿನಲ್ಲಿ ಬಂದರೆ ಗೊಂದಲವಾಗಬಹುದೆಂದು ನಮ್ಮ ದಾದಿಯೊಬ್ಬರು ಈಗಷ್ಟೇ ಕೇಳಿದರು.

ಔಷಧಶಾಲೆ (ದಾವಣಗೆರೆ)

ಹೆಸರಿನ ಸಾಲಿನಲ್ಲೇ, ಹೆಸರಿಗೂ ಅಂಕಿಗೂ ನಡುವೆ ಸಾಕಷ್ಟು ಜಾಗ ಬಿಟ್ಟು ಬರೆಯಿರಿ, ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿರುವುದು ಅಂಗಡಿಯವರಿಗೆ, ಗೆರೆಯ ಕೆಳಗಿರುವುದು ರೋಗಿಗೆ ಎಂದು ನಾನು ಹುಡುಗರಿಗೆ ಹೇಳಿಕೊಟ್ಟಿದ್ದೇನೆ.